ಹ್ಯಾಬಿಟಸ್‌ಗೆ ಕನ್ನಡದಲ್ಲಿ ಏನೆನ್ನಬೇಕು? ಸಮಾಜಶಾಸ್ತ್ರದ ಅನುವಾದಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿಯ ಮಾಟುಂಗದಲ್ಲಿ ನಾವು ಐದಾರು ಮಂದಿ ಭಾನುವಾರ ಸಂಜೆ ಒಬ್ಬರ ಮನೆಯ ಹಜಾರದಲ್ಲಿ ಸೇರುತ್ತೇವೆ. ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೂರ್ದ್ಯೂ ಅವರ ಶಿಕ್ಷಣ ಕುರಿತ ಬರಹಗಳನ್ನು ಕನ್ನಡಕ್ಕೆ ತರುವುದು ನಮ್ಮ ಕೆಲಸ. ಗುಂಪಿನಲ್ಲಿ ನಿವೃತ್ತ ಬ್ಯಾಂಕ್ ನೌಕರರಿದ್ದಾರೆ, ಹಿಂದೆ ರಾತ್ರಿಶಾಲೆಯಲ್ಲಿ ಪಾಠ ಮಾಡಿದ ಮೇಷ್ಟರಿದ್ದಾರೆ, ನಲವತ್ತು ವರ್ಷ ಹೋಟೆಲು ನಡೆಸಿದವರೊಬ್ಬರಿದ್ದಾರೆ. ಕರಡು ನೋಡಿದವರು ಕೇಳಿದ ಪ್ರಶ್ನೆಗಳನ್ನೂ ನಾನು ಕೊಟ್ಟ ಉತ್ತರಗಳನ್ನೂ ಇಲ್ಲಿ ಒಟ್ಟುಮಾಡಿದ್ದೇನೆ. ಬೆಳೆದ ಪರಿಸರದಿಂದ ಅರಿವಿಲ್ಲದೆ ಮೈಗೂಡಿ ನಮ್ಮನ್ನು ನಡೆಸುವ ಒಲವುಗಳಿಗೆ ಬೂರ್ದ್ಯೂ ಇಟ್ಟ ಹೆಸರು ‘ಹ್ಯಾಬಿಟಸ್’. ಹೆಚ್ಚಿನ ಪ್ರಶ್ನೆಗಳು ಆ ಒಂದೇ ಪದದ ಸುತ್ತ ತಿರುಗುತ್ತವೆ, ಏಕೆಂದರೆ ನಮ್ಮನ್ನು ಹೆಚ್ಚು ಕಾಡಿದ ಪದ ಅದೇ.

ಕನ್ನಡದಲ್ಲಿ ಸಮಾನಪದ ಇಲ್ಲದಿದ್ದರೆ ಹೊಸ ಪದ ಕಟ್ಟಬೇಕೇ, ಮೂಲಪದವನ್ನೇ ಉಳಿಸಬೇಕೇ?

ನಾನು ಮೊದಲು ಬೇರೊಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಮೂಲಭಾಷೆಯ ಓದುಗನಿಗೆ ಈ ಪದ ಪರಿಚಿತವಾಗಿತ್ತೇ?

ಬೂರ್ದ್ಯೂ ಬಳಸುವ ಮೂರು ಮುಖ್ಯ ಪದಗಳನ್ನೇ ನೋಡಿ. ಒಂದು ‘ಕ್ಯಾಪಿಟಲ್’, ಇನ್ನೊಂದು ಇಂಗ್ಲಿಷಿನಲ್ಲಿ ‘ಫೀಲ್ಡ್’ ಎಂದಾಗಿರುವುದು, ಮೂರನೆಯದು ‘ಹ್ಯಾಬಿಟಸ್’. ಮೊದಲೆರಡು ಫ್ರೆಂಚ್ ಓದುಗರಿಗೆ ದಿನನಿತ್ಯದ ಮಾತುಗಳು. ಅಂಗಡಿಯವನೂ ರೈತನೂ ಬಳಸುವ ಪದಗಳಿಗೆ ಬೂರ್ದ್ಯೂ ಹೊಸ ಕೆಲಸ ಹಚ್ಚಿದರು. ಹಾಗಾಗಿ ಅವು ಕನ್ನಡದಲ್ಲೂ ದಿನನಿತ್ಯದ ಮಾತಾಗಿಯೇ ಬರಬೇಕು: ಬಂಡವಾಳ, ಕ್ಷೇತ್ರ.

ಹ್ಯಾಬಿಟಸ್‌ನ ಕಥೆ ಬೇರೆ. ಅದು ಲ್ಯಾಟಿನ್ ಪದ. ನೆಲೆಗೊಂಡ ಗುಣ ಎಂಬರ್ಥದಲ್ಲಿ ಅರಿಸ್ಟಾಟಲ್ ಬಳಸಿದ ‘ಹೆಕ್ಸಿಸ್’ ಎಂಬ ಗ್ರೀಕ್ ಪದಕ್ಕೆ ಮಧ್ಯಯುಗದ ಪಂಡಿತರು ಅದನ್ನು ಬಳಸುತ್ತಿದ್ದರು. ಫ್ರೆಂಚ್ ಮಾನವಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1934ರಲ್ಲಿ ದೇಹದ ಕೌಶಲಗಳ ಕುರಿತು ಕೊಟ್ಟ ಉಪನ್ಯಾಸದಲ್ಲಿ, ಅಭ್ಯಾಸ ಎಂಬರ್ಥದ ಫ್ರೆಂಚ್ ಪದ ಸಾಲದೆಂದು ಬೇಕೆಂದೇ ಈ ಲ್ಯಾಟಿನ್ ಪದವನ್ನು ಹಿಡಿದರು. ಅಂದರೆ ಫ್ರೆಂಚ್ ಓದುಗನೂ ಈ ಪದದೆದುರು ಒಂದು ಕ್ಷಣ ನಿಲ್ಲಬೇಕಾಗಿತ್ತು. ಅವನಿಗೇ ಅನ್ಯವಾಗಿದ್ದ ಪದವನ್ನು ಕನ್ನಡದವನಿಗೆ ಮನೆಮಾತಾಗಿಸಿದರೆ ಮೂಲದಲ್ಲಿದ್ದ ಆ ನಿಲುಗಡೆ ಕಳೆದುಹೋಗುತ್ತದೆ. ಆದ್ದರಿಂದ ನಾವು ಹ್ಯಾಬಿಟಸ್ ಅನ್ನು ಹಾಗೆಯೇ ಉಳಿಸಿ, ಮೊದಲ ಬಾರಿ ಬಂದಲ್ಲಿ ಒಂದು ಕಿರುವಿವರಣೆ ಕೊಟ್ಟೆವು.

‘ಸಂಸ್ಕಾರ’ ಎಂಬ ಸೊಗಸಾದ ಪದ ಇರುವಾಗ ಹ್ಯಾಬಿಟಸ್ ಏಕೆ?

ಅತಿ ಹೆಚ್ಚು ಜನ ಕೇಳಿದ ಪ್ರಶ್ನೆ ಇದು, ಕೆಲವರು ಸಿಟ್ಟಿನಿಂದಲೇ ಕೇಳಿದರು. ನಮ್ಮ ಮೊದಲ ಕರಡಿನಲ್ಲಿ ‘ಸಂಸ್ಕಾರ’ವೇ ಇತ್ತು. ಮನೆಯಿಂದ ಬರುವುದು, ಅರಿವಿಲ್ಲದೆ ಅಂಟುವುದು, ನಡೆನುಡಿಯಲ್ಲಿ ಕಾಣುವುದು, ಇಷ್ಟರಮಟ್ಟಿಗೆ ಅದು ಚೆನ್ನಾಗಿ ಹೊಂದುತ್ತದೆ.

ತೊಂದರೆಯೆಂದರೆ ‘ಸಂಸ್ಕಾರವಂತ’ ಎಂಬುದು ಹೊಗಳಿಕೆ, ‘ಸಂಸ್ಕಾರವಿಲ್ಲದವನು’ ಎಂಬುದು ಬೈಗುಳ. ಹ್ಯಾಬಿಟಸ್ ಹೊಗಳಿಕೆಯೂ ಅಲ್ಲ, ಬೈಗುಳವೂ ಅಲ್ಲ. ಪ್ರಾಧ್ಯಾಪಕರ ಮಗಳಿಗೆ ಇರುವಷ್ಟೇ ಹ್ಯಾಬಿಟಸ್ ಹಡಗಿನಿಂದ ಮೂಟೆ ಇಳಿಸುವವನ ಮಗಳಿಗೂ ಇರುತ್ತದೆ. ಇಬ್ಬರದೂ ಬೇರೆ ಬೇರೆ, ಅಷ್ಟೆ. ಶಾಲೆ ಒಬ್ಬಳದನ್ನು ಗುಣವೆಂದೂ ಇನ್ನೊಬ್ಬಳದನ್ನು ಕೊರತೆಯೆಂದೂ ಕಾಣುತ್ತದೆ ಎಂಬುದೇ ಬೂರ್ದ್ಯೂ ಅವರ ದೂರು. ಆ ದೂರನ್ನು ‘ಸಂಸ್ಕಾರ’ ಎಂಬ ಪದದಲ್ಲಿ ಬರೆದರೆ ತೀರ್ಪು ಪದದೊಳಗೇ ಕುಳಿತಿರುತ್ತದೆ. ಯಾವುದನ್ನು ಪ್ರಶ್ನಿಸಬೇಕಿತ್ತೋ ಅದೇ ಉತ್ತರವಾಗಿ ಬರುತ್ತದೆ. ಇದರ ಮೇಲೆ ನಾಮಕರಣದಿಂದ ಅಂತ್ಯಸಂಸ್ಕಾರದವರೆಗಿನ ವಿಧಿಗಳ ನೆನಪೂ ಜೊತೆಗೆ ಬರುತ್ತದೆ.

‘ಅಭ್ಯಾಸ’ ಆಗದು, ಮೋಸ್ ತಳ್ಳಿಹಾಕಿದ ಪದವೇ ಅದು. ‘ಜಾಯಮಾನ’ ಎಂದು ನಮ್ಮ ಹೋಟೆಲಿನವರು ಸೂಚಿಸಿದರು. ನನಗೆ ಅದು ಇಷ್ಟವಾಯಿತು, ಆದರೆ ಕೇಳಿದವರಿಗೆ ಅದು ಹುಟ್ಟುಗುಣದಂತೆ ಕೇಳಿಸುತ್ತದೆ. ಹುಟ್ಟುಗುಣವಲ್ಲ ಎಂದು ಹೇಳಲೆಂದೇ ಬಂದ ಪದ ಹ್ಯಾಬಿಟಸ್. ‘ಮೈರೂಢಿ’ ಎಂದು ನಾನೇ ಒಂದು ಪದ ಕಟ್ಟಿದೆ. ಅದಕ್ಕೆ ವಿಭಕ್ತಿಗಳು ಸಲೀಸಾಗಿ ಹತ್ತುತ್ತವೆ: ಮೈರೂಢಿಯ, ಮೈರೂಢಿಯಿಂದ, ಮೈರೂಢಿಗೆ. ಆದರೂ ಓದಿದವರು ಯೋಗಾಸನ ಎಂದುಕೊಂಡರು. ಪದ ಹೋಯಿತು, ‘ಮೈಗೂಡು’ ಎಂಬ ಕ್ರಿಯಾಪದ ಮಾತ್ರ ಕಿರುವಿವರಣೆಯೊಳಗೆ ಉಳಿದುಕೊಂಡಿತು.

ಕಿರುವಿವರಣೆ ಎಷ್ಟು ಉದ್ದ ಇರಬೇಕು?

ಹತ್ತರಿಂದ ಹದಿನೈದು ಪದ. ಅದಕ್ಕಿಂತ ಬೆಳೆದರೆ ಅದು ಬೇರೊಂದು ಪ್ರಬಂಧವಾಗುತ್ತದೆ, ಓದುಗ ಮೂಲವಾಕ್ಯದ ಎಳೆ ಮರೆಯುತ್ತಾನೆ.

ಉದ್ದಕ್ಕಿಂತ ಅದರ ಕೆಲಸವೇನೆಂಬುದು ಮುಖ್ಯ. ಪರಿಕಲ್ಪನೆಯನ್ನು ಪೂರ್ತಿ ಕಲಿಸುವುದು ಅದರ ಹೊಣೆಯಲ್ಲ, ಆ ಕೆಲಸವನ್ನು ಮುಂದಿನ ನಲವತ್ತು ಪುಟಗಳು ಮಾಡುತ್ತವೆ. ಓದುಗ ಹತ್ತಿರದ ತಪ್ಪು ಪದದ ಕಡೆಗೆ ಜಾರದಂತೆ ತಡೆದರೆ ಕಿರುವಿವರಣೆ ಗೆದ್ದಂತೆ. ಆದ್ದರಿಂದ ಅದನ್ನು ಬರೆಯುವ ಮೊದಲು ಓದುಗ ಎಲ್ಲಿಗೆ ಜಾರುತ್ತಾನೆ ಎಂದು ಊಹಿಸಬೇಕು. ಹ್ಯಾಬಿಟಸ್ ವಿಷಯದಲ್ಲಿ ಜಾರುವ ಜಾಗ ಎರಡು: ಅಭ್ಯಾಸ, ಸಂಸ್ಕಾರ.

ಹಳಗನ್ನಡ ಕಾವ್ಯಗಳಿಗೆ ಟೀಕು ಬರೆದವರಿಗೆ ಈ ಮಿತವ್ಯಯ ಗೊತ್ತಿತ್ತು. ‘ಟೀಕೆ’ ಎಂದರೆ ಇವತ್ತು ದೂಷಣೆ ಎಂದಾಗಿಬಿಟ್ಟಿದೆ, ಇಲ್ಲದಿದ್ದರೆ ‘ಕಿರುವಿವರಣೆ’ಯ ಬದಲು ಆ ಪದವನ್ನೇ ಬಳಸುತ್ತಿದ್ದೆ.

ಆವರಣದಲ್ಲಿ ಹಾಕಿದರೆ ಸಾಲದೇ?

ಇಂಗ್ಲಿಷಿನಲ್ಲಿ ಪದ ಮೊದಲು, ವಿವರಣೆ ಆಮೇಲೆ. ನಡುವೆ ಆವರಣವೋ ಅಲ್ಪವಿರಾಮವೋ. ನಾವೂ ಅದನ್ನೇ ನಕಲು ಮಾಡುತ್ತೇವೆ. ಕನ್ನಡದಲ್ಲಿ ವಿಶೇಷಣ ನಾಮಪದಕ್ಕಿಂತ ಮೊದಲು ಬರುತ್ತದೆ, ಪ್ರತ್ಯಯ ನಾಮಪದದ ಬಾಲಕ್ಕೆ ಅಂಟುತ್ತದೆ. ನಡುವೆ ಆವರಣ ತೂರಿಸಿದರೆ ಪ್ರತ್ಯಯಕ್ಕೆ ಮನೆಯೇ ಇಲ್ಲದಂತಾಗುತ್ತದೆ. ‘ಹ್ಯಾಬಿಟಸ್ (ಮೈಗೂಡಿದ ಒಲವುಗಳು) ಅನ್ನು’ ಎಂದು ಬರೆದು ಜೋರಾಗಿ ಓದಿ ನೋಡಿ, ನಾಲಿಗೆ ಎಡವುತ್ತದೆ.

ಕನ್ನಡದ ವಾಕ್ಯರಚನೆಯೇ ಇದಕ್ಕೆ ಬಾಗಿಲು ತೆರೆದಿಟ್ಟಿದೆ. ವಿವರಣೆಯನ್ನು ಮೊದಲು ಹೇಳಿ, ‘ಎಂಬ’, ‘ಎನ್ನುತ್ತಾರೆ’, ‘ಇದಕ್ಕೆ ಅವರಿಟ್ಟ ಹೆಸರು’ ಎನ್ನುತ್ತಾ ಪದಕ್ಕೆ ಬನ್ನಿ. ಓದುಗನಿಗೆ ಮೊದಲು ಅರ್ಥ ಸಿಗುತ್ತದೆ, ಆಮೇಲೆ ಅದಕ್ಕೊಂದು ಹೆಸರು. ಮಗು ಹುಟ್ಟಿದ ಮೇಲೆ ತೊಟ್ಟಿಲಿಗೆ ಹಾಕುವಂತೆ, ಇದೇ ನಮಗೆ ಒಗ್ಗಿದ ಕ್ರಮ.

ಒಂದು ವಾಕ್ಯವನ್ನು ಮೊದಲಿನಿಂದ ಕೊನೆಯವರೆಗೆ ಮಾಡಿ ತೋರಿಸಬಹುದೇ?

ಬೂರ್ದ್ಯೂ ಅವರ ವಾಕ್ಯವನ್ನು ಎತ್ತಿಕೊಳ್ಳದೆ, ಅವರ ವಾದವನ್ನು ನನ್ನ ಮಾತಿನಲ್ಲಿ ಹೇಳುವ ವಾಕ್ಯವೊಂದನ್ನು ತೆಗೆದುಕೊಳ್ಳುತ್ತೇನೆ: ಮಕ್ಕಳ ಹ್ಯಾಬಿಟಸ್ ಅನ್ನು ಶಾಲೆ ಪ್ರತಿಭೆಯೆಂದು ತಪ್ಪು ತಿಳಿಯುತ್ತದೆ.

ಮೊದಲ ಕರಡು: ‘ಮಕ್ಕಳ ಸಂಸ್ಕಾರವನ್ನು ಶಾಲೆ ಪ್ರತಿಭೆಯೆಂದು ತಪ್ಪು ತಿಳಿಯುತ್ತದೆ.’ ಸುಲಲಿತವಾಗಿದೆ, ಅರ್ಥ ಮಾತ್ರ ಅಡಿಮೇಲಾಗಿದೆ. ಸಂಸ್ಕಾರವನ್ನು ಮೆಚ್ಚಿದರೆ ತಪ್ಪೇನು ಎಂದು ಮೇಷ್ಟರು ಕೇಳಿದರು. ನ್ಯಾಯವಾದ ಪ್ರಶ್ನೆ.

ಎರಡನೆಯದು: ‘ಮಕ್ಕಳ ಹ್ಯಾಬಿಟಸ್ (ಸಮಾಜೀಕರಣ ಪ್ರಕ್ರಿಯೆಯಲ್ಲಿ ಅಂತರ್ಗತಗೊಂಡ ಮನೋದೈಹಿಕ ಪ್ರವೃತ್ತಿಗಳ ವ್ಯವಸ್ಥೆ) ಅನ್ನು ಶಾಲೆ ಪ್ರತಿಭೆಯೆಂದು ತಪ್ಪು ತಿಳಿಯುತ್ತದೆ.’ ಒಂದು ಗೊತ್ತಿಲ್ಲದ ಪದವನ್ನು ಬಿಡಿಸಲು ಗೊತ್ತಿಲ್ಲದ ಮೂರನ್ನು ತಂದಿದ್ದೇನೆ. ಪಠ್ಯಪುಸ್ತಕಗಳಲ್ಲಿ ಇಂಥವು ಹೇರಳ. ತಪ್ಪೆಂದು ಯಾರೂ ಬೆರಳು ತೋರಿಸಲಾರರು, ಓದಿ ಯಾರಿಗೂ ಏನೂ ತಿಳಿಯುವುದಿಲ್ಲ.

ಮೂರನೆಯದು: ‘ಬೆಳೆದ ಮನೆಯಿಂದಲೂ ವರ್ಗದಿಂದಲೂ ಅರಿವಿಲ್ಲದೆ ಮೈಗೂಡಿದ ನಡೆ, ನುಡಿ, ರುಚಿಗಳನ್ನು ಬೂರ್ದ್ಯೂ ಹ್ಯಾಬಿಟಸ್ ಎನ್ನುತ್ತಾರೆ. ಶಾಲೆ ಇದನ್ನೇ ಪ್ರತಿಭೆಯೆಂದು ತಪ್ಪು ತಿಳಿಯುತ್ತದೆ.’ ವಾಕ್ಯ ಎರಡಾಯಿತು, ಅದರಿಂದ ನಷ್ಟವಿಲ್ಲ. ಇದು ಸಾಕೆಂದುಕೊಂಡು ಮೂವರು ಓದುಗರಿಗೆ ಕೊಟ್ಟೆ. ಅರ್ಥವಾಯಿತೇ ಎಂದು ಕೇಳಲಿಲ್ಲ, ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಒಂದು ವಾರ ಬಿಟ್ಟು, ಪದವನ್ನು ಬಳಸಿ ನಿಮ್ಮದೇ ಒಂದು ವಾಕ್ಯ ಬರೆಯಿರಿ ಎಂದೆ.

ಒಬ್ಬರು ಬರೆದರು: ‘ಬೆಳಿಗ್ಗೆ ಎದ್ದೊಡನೆ ಕಾಫಿ ಕುಡಿಯುವುದು ನಮ್ಮ ಮನೆಯ ಹ್ಯಾಬಿಟಸ್.’ ಅಭ್ಯಾಸದ ಹೊಂಡಕ್ಕೆ ಬಿದ್ದಿದ್ದರು. ಇನ್ನೊಬ್ಬರು ತಮ್ಮ ಅಳಿಯನಿಗೆ ಒಳ್ಳೆಯ ಹ್ಯಾಬಿಟಸ್ ಇದೆ ಎಂದರು. ಅದು ಸಂಸ್ಕಾರದ ಹೊಂಡ. ಮೂರನೆಯವರು ಹೋಟೆಲಿನವರು. ಅವರು ವಾಕ್ಯ ಬರೆಯಲಿಲ್ಲ, ಒಂದು ಕಥೆ ಹೇಳಿದರು. ಮಗ ಅವರನ್ನು ದೊಡ್ಡ ಪಂಚತಾರಾ ಹೋಟೆಲಿಗೆ ಊಟಕ್ಕೆ ಕರೆದುಕೊಂಡು ಹೋಗಿದ್ದನಂತೆ. ಎದುರಿಗೆ ಬಗೆಬಗೆಯ ತಿನಿಸು; ಇವರ ಕಣ್ಣು ಮಾತ್ರ ಯಾವ ಮೇಜು ಖಾಲಿಯಾಯಿತು, ಯಾವ ತಟ್ಟೆ ಎತ್ತಿಲ್ಲ, ಗಲ್ಲಾದ ಹತ್ತಿರ ಯಾರು ನಿಂತಿದ್ದಾರೆ ಎಂಬುದರ ಮೇಲೆಯೇ ಓಡುತ್ತಿತ್ತು. ‘ನಾನು ನೋಡಬೇಕೆಂದು ನೋಡಿದ್ದಲ್ಲ. ಕಣ್ಣೇ ಹೋಗುತ್ತದೆ. ಇದಲ್ಲವೇ ನಿಮ್ಮ ಹ್ಯಾಬಿಟಸ್?’

ಇದೇ. ಹಳೆಯ ಕೆಲಸದಲ್ಲಿ ಮೈಗೂಡಿದ್ದು, ಹಿಂದೆಂದೂ ಕಾಣದ ಜಾಗದಲ್ಲಿಯೂ ತಾನಾಗಿ ಕೆಲಸಕ್ಕಿಳಿಯುತ್ತದೆ. ನನ್ನ ಮೂರನೆಯ ಕರಡಿನಲ್ಲಿ ಇಲ್ಲದ್ದು ಈ ಭಾಗವೇ. ‘ನಡೆ, ನುಡಿ, ರುಚಿ’ ಎಂದು ಮುಗಿದ ವಸ್ತುಗಳ ಪಟ್ಟಿ ಕೊಟ್ಟಿದ್ದೆ, ಅವುಗಳನ್ನು ಹುಟ್ಟಿಸುವ ಚಾಲಕಶಕ್ತಿಯನ್ನು ಬಿಟ್ಟಿದ್ದೆ.

ನಾಲ್ಕನೆಯದು, ಈಗ ಉಳಿದಿರುವುದು: ‘ಬೆಳೆದ ಮನೆಯಿಂದಲೂ ವರ್ಗದಿಂದಲೂ ಅರಿವಿಲ್ಲದೆ ಮೈಗೂಡಿ, ಹೊಸ ಸನ್ನಿವೇಶದಲ್ಲೂ ತಾನಾಗಿ ನಮ್ಮನ್ನು ನಡೆಸುವ ಒಲವುಗಳ ಕಟ್ಟನ್ನು ಬೂರ್ದ್ಯೂ ಹ್ಯಾಬಿಟಸ್ ಎನ್ನುತ್ತಾರೆ. ಒಬ್ಬೊಬ್ಬರದು ಒಂದೊಂದು ಬಗೆ. ಶಾಲೆ ಒಂದು ಬಗೆಯದನ್ನು ಮಾತ್ರ ಪ್ರತಿಭೆಯೆಂದು ತಪ್ಪು ತಿಳಿಯುತ್ತದೆ.’ ‘ಹೊಸ ಸನ್ನಿವೇಶದಲ್ಲೂ’ ಎಂಬುದು ಕಾಫಿಯನ್ನು ತಡೆಯುತ್ತದೆ, ‘ಒಬ್ಬೊಬ್ಬರದು ಒಂದೊಂದು ಬಗೆ’ ಎಂಬುದು ಅಳಿಯನನ್ನು.

ಇದರಲ್ಲೂ ಬಿಟ್ಟುಹೋದದ್ದಿದೆ. ಹ್ಯಾಬಿಟಸ್ ಬಾಲ್ಯದಲ್ಲೇ ಸೀಲಾಗುವುದಿಲ್ಲ, ಶಾಲೆ, ಕಸುಬು ಎಲ್ಲವೂ ಅದನ್ನು ತಿದ್ದುತ್ತಾ ಹೋಗುತ್ತವೆ; ಹೋಟೆಲಿನವರ ಕಣ್ಣೇ ಅದಕ್ಕೆ ಸಾಕ್ಷಿ. ಅದನ್ನೂ ತುರುಕಲು ಹೋದರೆ ಮತ್ತೆ ಎರಡನೆಯ ಕರಡಿಗೆ ಮರಳುತ್ತೇವೆ. ಮುಂದಿನ ಪುಟಗಳಲ್ಲಿ ಲೇಖಕರೇ ಹೇಳುತ್ತಾರೆ, ಹೇಳಲಿ.

‘ಬಂಡವಾಳ’, ‘ಕ್ಷೇತ್ರ’ ಎಲ್ಲರಿಗೂ ಗೊತ್ತಿರುವ ಪದಗಳು. ಅವಕ್ಕೂ ವಿವರಣೆ ಬೇಕೇ?

ಗೊತ್ತಿರುವ ಪದಕ್ಕೇ ಹೆಚ್ಚು ಬೇಕು. ಗೊತ್ತಿಲ್ಲದ ಪದದ ಮುಂದೆ ಓದುಗ ನಿಲ್ಲುತ್ತಾನೆ, ಗೊತ್ತಿರುವ ಪದವನ್ನು ದಾಟಿ ಹೋಗಿಬಿಡುತ್ತಾನೆ.

‘ಸಾಂಸ್ಕೃತಿಕ ಬಂಡವಾಳ’ ಎಂಬ ಶೀರ್ಷಿಕೆ ನೋಡಿದ ನಮ್ಮ ಬ್ಯಾಂಕಿನವರು, ಸಂಘದ ವಾರ್ಷಿಕೋತ್ಸವಕ್ಕೆ ಎತ್ತುವ ದೇಣಿಗೆಯ ಬಗ್ಗೆ ಬರೆದಿದ್ದಾರೆಂದು ತಿಳಿದರು. ನಗಬೇಡಿ. ಈ ಊರಿನ ಕನ್ನಡ ಸಂಘಗಳ ಆಮಂತ್ರಣ ಪತ್ರಿಕೆಗಳಲ್ಲಿ ‘ಸಾಂಸ್ಕೃತಿಕ’ ಎಂದರೆ ಹಾಡು, ಕುಣಿತ, ಯಕ್ಷಗಾನ. ‘ಬಂಡವಾಳ’ ಎಂದರೆ ಹಣ. ಕೂಡಿಸಿದರೆ ಅವರ ಅರ್ಥವೇ ಬರುತ್ತದೆ. ಈಗ ನಾವು ಬರೆಯುವುದು ಹೀಗೆ: ‘ಮನೆಯಲ್ಲಿ ಕಲಿತ ಭಾಷೆ, ಪುಸ್ತಕಗಳ ಒಡನಾಟ, ಪದವಿಪತ್ರ, ಹೀಗೆ ಹಣದಂತೆಯೇ ಕೂಡಿಡಬಹುದಾದ, ಮಕ್ಕಳಿಗೆ ದಾಟಿಸಬಹುದಾದ ಸೊತ್ತು ಸಾಂಸ್ಕೃತಿಕ ಬಂಡವಾಳ.’

‘ಕ್ಷೇತ್ರ’ ಎಂದರೆ ಕರಾವಳಿಯಿಂದ ಬಂದವರಿಗೆ ಮೊದಲು ಪುಣ್ಯಕ್ಷೇತ್ರ, ಪತ್ರಿಕೆ ಓದುವವರಿಗೆ ಮತಕ್ಷೇತ್ರ. ‘ಕಣ’ ಎಂದರೆ ಹೇಗೆ ಎಂದು ಬಹಳ ದಿನ ಯೋಚಿಸಿದೆ. ಚುನಾವಣಾ ಕಣ ಎಂಬಲ್ಲಿರುವ ಪೈಪೋಟಿ ಬೂರ್ದ್ಯೂ ಅವರಿಗೆ ಬೇಕಾದದ್ದೇ. ಆದರೆ ಅವರ ಮನಸ್ಸಿನಲ್ಲಿ ಆಟದ ಅಂಗಣದ ಜೊತೆಗೆ ಕಾಂತಕ್ಷೇತ್ರದ ಚಿತ್ರವೂ ಇದೆ. ಒಳಗೆ ಬಂದ ಪ್ರತಿಯೊಂದರ ಮೇಲೂ ಎಳೆತ ಬೀಳುತ್ತದೆ. ಅದನ್ನು ಉಳಿಸಲು ‘ಕ್ಷೇತ್ರ’ವನ್ನೇ ಇಟ್ಟುಕೊಂಡು, ‘ತನ್ನದೇ ನಿಯಮ, ತನ್ನದೇ ಪಣ ಇರುವ ಪೈಪೋಟಿಯ ವಲಯ’ ಎಂದು ವಿವರಿಸಿದೆವು.

ಮರಾಠಿಯಲ್ಲಿ ಈ ಕೆಲಸ ಸಾಕಷ್ಟು ಆಗಿದೆ. ಅಲ್ಲಿಂದಲೇ ಪದ ತರಬಹುದಲ್ಲ?

ತರಬಹುದು, ಪದವನ್ನು ತಟ್ಟಿ ನೋಡಿದ ಮೇಲೆ. ಮುಂಬಯಿ, ಪುಣೆಗಳಲ್ಲಿ ಬೆಳೆದ ನಮಗೆ ಇದು ಲಾಭವೂ ಹೌದು, ಬಲೆಯೂ ಹೌದು. ಮರಾಠಿಯ ‘ವರ್ಚಸ್ವ’ ಎಂದರೆ ಮೇಲುಗೈ, ಪಾರಮ್ಯ. ಇಟಲಿಯ ಚಿಂತಕ ಗ್ರಾಮ್ಶಿಯ ‘ಹೆಜೆಮನಿ’ಗೆ ನಾನು ಕಣ್ಣುಮುಚ್ಚಿ ಅದನ್ನೇ ಬರೆದೆ. ಧಾರವಾಡದ ಗೆಳೆಯರೊಬ್ಬರು ಓದಿ, ಇದು ನಾಯಕನ ವರ್ಚಸ್ಸಿನ ಮಾತೇ ಎಂದು ಕೇಳಿದರು. ಕನ್ನಡದ ವರ್ಚಸ್ಸು ವ್ಯಕ್ತಿಯ ಪ್ರಭೆ. ಅಂದರೆ ಗ್ರಾಮ್ಶಿಯ ಪದ ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರರ ‘ಕರಿಸ್ಮಾ’ ಆಗಿ ತಲುಪಿತ್ತು. ಒಂದೇ ಸಂಸ್ಕೃತ ಬೇರು, ಎರಡು ಭಾಷೆಗಳಲ್ಲಿ ಎರಡು ಮರ. ಈಗ ‘ಯಜಮಾನಿಕೆ’ ಎಂದು ಬರೆದು, ‘ಬಲವಂತಕ್ಕಿಂತ ಹೆಚ್ಚಾಗಿ ಆಳಿಸಿಕೊಳ್ಳುವವರ ಒಪ್ಪಿಗೆಯಿಂದ ನಿಲ್ಲುವ ಆಳ್ವಿಕೆ’ ಎಂದು ಸೇರಿಸುತ್ತೇವೆ.

ನಮ್ಮ ನೆಲದಲ್ಲೇ ಹುಟ್ಟಿದ ಪರಿಕಲ್ಪನೆಗಳಿಗೆ ಈ ತಾಪತ್ರಯ ಇಲ್ಲವಷ್ಟೆ?

ಇದೆ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಬೊಂಬಾಯಿ ವಿಶ್ವವಿದ್ಯಾಲಯದಲ್ಲಿ ಜಿ. ಎಸ್. ಘುರ್ಯೆ ಅವರ ಬಳಿ ಓದಿದವರು. ಕೊಡಗಿನ ಬಗ್ಗೆ 1952ರಲ್ಲಿ ಪ್ರಕಟವಾದ ಅವರ ಪುಸ್ತಕದಿಂದ ‘ಸ್ಯಾನ್ಸ್‌ಕ್ರಿಟೈಸೇಶನ್’ ಚಲಾವಣೆಗೆ ಬಂತು. ಅದನ್ನು ‘ಸಂಸ್ಕೃತೀಕರಣ’ ಎಂದರೆ ಕನ್ನಡ ಓದುಗ, ಭಾಷೆಗೆ ಸಂಸ್ಕೃತ ಪದ ತುಂಬುವುದು ಎಂದುಕೊಳ್ಳುತ್ತಾನೆ. ನಮ್ಮಲ್ಲಿ ಆ ಜಗಳ ಬೇರೆಯೇ ಇದೆಯಲ್ಲ! ಕೆಳಗಿನ ಜಾತಿಯೊಂದು ಮೇಲಿನ ಜಾತಿಯ ಆಚಾರ, ಆಹಾರ, ವಿಧಿಗಳನ್ನು ತನ್ನದಾಗಿಸಿಕೊಂಡು ಮೇಲೇರಲು ಯತ್ನಿಸುವುದು ಎಂದು ಮೊದಲ ಸಲವೇ ಹೇಳಿಬಿಡಬೇಕು. ಅವರದೇ ‘ಪ್ರಬಲ ಜಾತಿ’ಯನ್ನು ಹಲವರು ಮೇಲ್ಜಾತಿ ಎಂದು ಓದುತ್ತಾರೆ. ಶ್ರೀನಿವಾಸರು ಮುಖ್ಯವಾಗಿ ನೋಡಿದ್ದು ಊರಿನಲ್ಲಿ ಯಾರ ಸಂಖ್ಯೆ, ಯಾರ ಜಮೀನು, ಯಾರ ಮಾತು ನಡೆಯುತ್ತದೆ ಎಂಬುದನ್ನು.

ಇಂಗ್ಲಿಷ್ ಅನುವಾದದಿಂದ ಅನುವಾದಿಸುವಾಗ ಏನನ್ನು ಗಮನಿಸಬೇಕು?

ಇಂಗ್ಲಿಷಿನವರೂ ನಮ್ಮಂತೆಯೇ ಒದ್ದಾಡಿದ್ದಾರೆ ಎಂಬುದನ್ನು. ವೇಬರ್ ಕುರಿತ ಕನ್ನಡ ಬರಹಗಳಲ್ಲಿ, ಆಧುನಿಕ ಆರ್ಥಿಕ ವ್ಯವಸ್ಥೆಯ ಬಿಗಿಹಿಡಿತಕ್ಕೆ ರೂಪಕವಾಗಿ ‘ಕಬ್ಬಿಣದ ಪಂಜರ’ ಬರುವುದು 1930ರಲ್ಲಿ ಟಾಲ್ಕಟ್ ಪಾರ್ಸನ್ಸ್ ಮಾಡಿದ ಇಂಗ್ಲಿಷ್ ಅನುವಾದದಿಂದ. ವೇಬರ್ ಬರೆದದ್ದು ‘ಉಕ್ಕಿನಷ್ಟು ಗಟ್ಟಿಯಾದ ಕವಚ’ ಎಂಬರ್ಥದ ಜರ್ಮನ್ ಮಾತು. ಪಂಜರವಾದರೆ ಬಾಗಿಲು ತೆರೆದು ಹೊರಬರಬಹುದು. ಬಸವನಹುಳುವಿನ ಚಿಪ್ಪಿನಂತೆ ಮೈಯೊಡನೆ ಬೆಳೆದದ್ದನ್ನು ಬಿಟ್ಟು ಎಲ್ಲಿಗೆ ಹೋಗುವುದು? ಪಂಜರವೇ ಎಲ್ಲೆಡೆ ರೂಢಿಯಾಗಿರುವುದರಿಂದ ಅದನ್ನು ಉಳಿಸಿ, ಮೊದಲ ಬಾರಿ ಬಂದಲ್ಲಿ ಈ ವ್ಯತ್ಯಾಸವನ್ನು ಒಂದು ಸಾಲಿನಲ್ಲಿ ಹೇಳಿದರೆ ಸಾಕು.

‘ಮೊದಲ ಬಾರಿ’ ಎಂದರೆ ಪುಸ್ತಕಕ್ಕೊಮ್ಮೆಯೋ, ಅಧ್ಯಾಯಕ್ಕೊಮ್ಮೆಯೋ?

ಅಧ್ಯಾಯಕ್ಕೊಮ್ಮೆ. ವಿದ್ಯಾರ್ಥಿಗಳು ಪುಸ್ತಕ ಓದುವುದಿಲ್ಲ, ಒಂದು ಅಧ್ಯಾಯದ ಝೆರಾಕ್ಸ್ ಓದುತ್ತಾರೆ. ಎರಡನೆಯ ಅಧ್ಯಾಯದಿಂದ ವಿವರಣೆ ಐದಾರು ಪದಕ್ಕೆ ಇಳಿಯಲಿ. ಶೀರ್ಷಿಕೆಯಲ್ಲಿ ಬಂದದ್ದು ಲೆಕ್ಕಕ್ಕಿಲ್ಲ. ಉದ್ಧರಣೆಯೊಳಗೆ ಮೊದಲ ಸಲ ಬಂದರೆ, ಉದ್ಧರಣೆಗೆ ಮುಂಚಿನ ನಿಮ್ಮ ವಾಕ್ಯದಲ್ಲೇ ವಿವರಿಸಿ. ಲೇಖಕರ ಬಾಯಲ್ಲಿ ನಿಮ್ಮ ಮಾತು ಇಡಬೇಡಿ.

ಅಚ್ಚಿಗೆ ಹೋಗುವಾಗ ಏನು ಕೆಡುತ್ತದೆ?

ನನ್ನ ಹಳೆಯ ಅನುವಾದವೊಂದರಲ್ಲಿ ಸಂಪಾದಕರು ಎರಡು ಪರಿಚ್ಛೇದಗಳನ್ನು ಅದಲುಬದಲು ಮಾಡಿದರು. ಪದ ಏಳನೆಯ ಪುಟದಲ್ಲಿ ಬಂತು, ವಿವರಣೆ ಹನ್ನೊಂದರಲ್ಲಿ. ಅಚ್ಚಾದ ಮೇಲೆ ಕಂಡಿತು. ಅಂದಿನಿಂದ ಪುಟವಿನ್ಯಾಸವಾದ ಕಡತದಲ್ಲಿ ಪ್ರತಿ ಪದವನ್ನೂ ಕೊನೆಯದಾಗಿ ಹುಡುಕಿ ನೋಡುತ್ತೇನೆ. ಪ್ರತ್ಯಯ ಬಿಟ್ಟು ಪದದ ಮೂಲರೂಪವನ್ನಷ್ಟೇ ಹುಡುಕಬೇಕು. ‘ಹ್ಯಾಬಿಟಸ್’ ಎಂದು ಕೊಟ್ಟರೆ ‘ಹ್ಯಾಬಿಟಸ್ಸಿನ’ ಕೂಡ ಸಿಗುತ್ತದೆ. ‘ಕಣ’ ಎಂಬುದನ್ನು ಕೈಬಿಟ್ಟದ್ದಕ್ಕೆ ಇಲ್ಲಿ ಸಮಾಧಾನಪಟ್ಟೆ, ಅದನ್ನು ಹುಡುಕಿದಾಗ ಪುಸ್ತಕದ ಎಲ್ಲ ಕಣ್ಣುಗಳೂ ಕಂಕಣಗಳೂ ಎದ್ದು ಬಂದಿದ್ದವು.

ಇದರ ಜೊತೆಗೆ ಒಂದು ನೋಟುಪುಸ್ತಕ ಇಡಿ. ಪದ, ಆಯ್ದದ್ದು, ಬಿಟ್ಟದ್ದು, ಬಿಟ್ಟ ಕಾರಣ. ಕೊನೆಯ ಅಂಕಣ ಮರೆತರೆ ಆರು ತಿಂಗಳ ಬಳಿಕ ‘ಸಂಸ್ಕಾರ’ದ ಜಗಳವನ್ನು ಮತ್ತೆ ಮೊದಲಿನಿಂದ ಆಡಬೇಕಾಗುತ್ತದೆ.

ನಿಮಗೆ ಇನ್ನೂ ಬಗೆಹರಿಯದ ಪದ ಯಾವುದು?

‘ಏಜೆನ್ಸಿ’, ಅಂದರೆ ವ್ಯಕ್ತಿ ತಾನೇ ನಿರ್ಧರಿಸಿ ನಡೆಯುವ ಶಕ್ತಿ. ಹಾಗೆಯೇ ಬರೆದರೆ ಗ್ಯಾಸ್ ಸಿಲಿಂಡರಿನ ಅಂಗಡಿ. ‘ಕರ್ತೃತ್ವ’ ಎಂದರೆ ಕನ್ನಡದಲ್ಲಿ ಗ್ರಂಥ ಬರೆದವರು ಯಾರೆಂಬ ಚರ್ಚೆ, ಮರಾಠಿಯಲ್ಲಿ ಸಾಧನೆ. ಸದ್ಯಕ್ಕೆ ನಾಮಪದವನ್ನೇ ಬಿಟ್ಟು, ‘ಕಟ್ಟುಪಾಡಿನೊಳಗೂ ತಾನೇ ನಿರ್ಧರಿಸಿ ನಡೆಯಬಲ್ಲಳು’ ಎಂದು ಕ್ರಿಯಾಪದದಲ್ಲಿ ದಾಟಿಸುತ್ತಿದ್ದೇವೆ. ಕಥನದ ಭಾಗಗಳಲ್ಲಿ ಇದು ನಡೆಯುತ್ತದೆ. ಏಜೆನ್ಸಿಯ ಬಗ್ಗೆಯೇ ಚರ್ಚಿಸುವ ಅಧ್ಯಾಯ ಬಂದಾಗ ನಡೆಯುವುದಿಲ್ಲ, ಅಲ್ಲಿ ಒಂದು ನಾಮಪದ ಬೇಕೇ ಬೇಕು. ಆ ಅಧ್ಯಾಯವನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡಿದ್ದೇವೆ.